ಮುಕ್ಕು, ಬಿರುಕು, ತೇಪೆ, ಲೋಪ
ಊರಿನ ಹಳೆಯ ಕಲ್ಲಿನ ಸ್ಥಿತಿಯನ್ನು ಬರೆದಿಡುವ ಬಗೆ

1956ನೆಯ ಇಸವಿ ನವಂಬರ 1ನೆಯ ತಾರೀಕು ಕಾಸರಗೋಡಿನ ಕನ್ನಡಿಗರು ಮರೆಯುವ ದಿನವಲ್ಲ. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ಅಂದು ಕೇರಳಕ್ಕೆ ಸೇರಿತು. ಅದೇ ದಿನ, ಅದೇ ಕಾನೂನಿನ ಪ್ರಕಾರ, ಇನ್ನೊಂದು ಮೂಲೆಯಲ್ಲಿಯೂ ಇಂಥದೇ ಒಂದು ಕೆಲಸ ನಡೆಯಿತು. ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದು ತಾಲೂಕಿನ ಬಹುಭಾಗ ಮತ್ತು ನಾರಾಯಣಖೇಡ ತಾಲೂಕು, ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶದ ಪಾಲಾದವು. 2014ರಿಂದ ಆ ಸೀಮೆ ತೆಲಂಗಾಣದಲ್ಲಿದೆ. ಜಹೀರಾಬಾದು, ನಾರಾಯಣಖೇಡ, ರಾಯಿಕೋಡ್ ಈಗ ಸಂಗಾರೆಡ್ಡಿ ಜಿಲ್ಲೆಯ ಊರುಗಳು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಮತ್ತು ಉರ್ದು, ಕಚೇರಿಯಲ್ಲಿ ತೆಲುಗು: ಇದು ಆ ಕಡೆಯ ಕನ್ನಡ ಮನೆಗಳ ಸ್ಥಿತಿ. ತೆಲುಗು ಇದ್ದಲ್ಲಿ ಮಲಯಾಳ ಎಂದು ಹಾಕಿಕೊಂಡರೆ ಅದು ನಮ್ಮದೇ ಕತೆ.

ರಾಜ್ಯದ ಗಡಿ ಸರಿಯಿತು, ಕಲ್ಲುಗಳು ಮಾತ್ರ ನಿಂತಲ್ಲೇ ನಿಂತವು. ಕಲ್ಯಾಣದ ಚಾಳುಕ್ಯರ ರಾಜಧಾನಿಯಾಗಿದ್ದ ಇಂದಿನ ಬಸವಕಲ್ಯಾಣ ಈ ಸೀಮೆಗೆ ದೂರದ್ದಲ್ಲ. ಚಾಳುಕ್ಯರ ಶಾಸನಗಳಲ್ಲಿ ಬರುವ ಪೊಟ್ಟಳಕೆರೆ ಎಂಬ ನೆಲೆವೀಡನ್ನು ವಿದ್ವಾಂಸರು ಹೈದರಾಬಾದಿನ ಪಕ್ಕದ ಪಟಾನ್‌ಚೆರುವೆಂದು ಗುರುತಿಸಿದ್ದಾರೆ. ಆದ್ದರಿಂದ ಆ ದಾರಿಯ ಹಳ್ಳಿಗಳಲ್ಲಿ ಕನ್ನಡ ಅಕ್ಷರವಿರುವ ಕಲ್ಲು ಕಂಡರೆ ಆಶ್ಚರ್ಯವಿಲ್ಲ. ಡಾ. ಪಿ. ಬಿ. ದೇಸಾಯಿಯವರು ಸಂಪಾದಿಸಿದ, ಹೈದರಾಬಾದು ರಾಜ್ಯದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ ಅಚ್ಚಾಗಿ ಹೊರಬಂದದ್ದು 1958ರಲ್ಲಿ. ಅಷ್ಟರಲ್ಲಿ ಹೈದರಾಬಾದು ರಾಜ್ಯವೇ ಇರಲಿಲ್ಲ. ರಾಜ್ಯ ಹೋದರೂ ಪುಸ್ತಕ ಉಳಿಯಿತು, ಏಕೆಂದರೆ ಯಾರೋ ಕಲ್ಲಿನ ಎದುರು ಕುಳಿತು ಕಂಡದ್ದನ್ನು ಕಂಡಂತೆ ಬರೆದುಕೊಂಡಿದ್ದರು.

ಪುಸ್ತಕಕ್ಕೆ ಸೇರದ ಕಲ್ಲುಗಳು ಎರಡೂ ಕಡೆ ಇನ್ನೂ ಇವೆ. ಗುಡಿಯ ಹಿಂಬದಿಯಲ್ಲಿ, ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ, ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿ. ಅಂಥ ಒಂದು ಕಲ್ಲಿನ ಸ್ಥಿತಿಯನ್ನು ಬರೆದಿಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಓದಲು ಬಾರದಿದ್ದರೂ, ಶಾಸನಶಾಸ್ತ್ರ ತಿಳಿಯದಿದ್ದರೂ ಈ ಕೆಲಸವನ್ನು ಮಾಡಬಹುದು. ಒಂದು ಅಳತೆಪಟ್ಟಿ, ಒಂದು ಟಾರ್ಚು, ಒಂದು ನೋಟುಬುಕ್ಕು ಸಾಕು.

"ಭಿನ್ನ" ಎಂಬ ಒಂದು ಮಾತು

ಹಳೆಯ ಕಲ್ಲಿಗೆ ಗಂಡಾಂತರ ಬರುವುದು ಮಳೆಗಾಳಿಯಿಂದ ಮಾತ್ರವಲ್ಲ, ಜೀರ್ಣೋದ್ಧಾರದ ಕಾಲದಲ್ಲಿಯೂ ಬರುತ್ತದೆ. ಗುಡಿಯನ್ನು ಹೊಸತಾಗಿ ಕಟ್ಟಿಸಲು ಊರವರು ಸೇರುತ್ತಾರೆ. ಅಂಗಳದ ಕಲ್ಲಿನ ಮಾತು ಬರುತ್ತದೆ. "ಅದು ಭಿನ್ನ ಆಗಿದೆ" ಎಂದು ಹಿರಿಯರೊಬ್ಬರು ಹೇಳುತ್ತಾರೆ. ಪೂಜೆಯ ವಿಗ್ರಹಕ್ಕೆ ಹೇಳುವ ಮಾತದು. ಭಿನ್ನವಾದುದು ಪೂಜೆಗೆ ಸಲ್ಲದು. ಆದರೆ ಅದೇ ಮಾತನ್ನು ವೀರಗಲ್ಲಿಗೋ ಶಾಸನಕ್ಕೋ ಹೇಳಿದಾಗ ಕಲ್ಲು ಪಂಚಾಂಗದ ಕೆಳಗೆ, ಬಾವಿಗೆ ಅಥವಾ ಹೊಳೆಗೆ ಹೋಗುವುದುಂಟು.

ಭಿನ್ನ ಎಂದರೆ ಏನು ಆಗಿದೆ? ಮೂಲೆಯಲ್ಲಿ ಉಗುರಿನಷ್ಟು ಕಲ್ಲು ಹಾರಿದೆಯೇ, ಅಡ್ಡಕ್ಕೆ ಎರಡು ತುಂಡಾಗಿದೆಯೇ, ತಲೆಭಾಗವೇ ಇಲ್ಲವೇ? ಆ ಮಾತಿನಿಂದ ತಿಳಿಯುವುದಿಲ್ಲ. "ಹಾಳಾಗಿದೆ", "ಜೀರ್ಣವಾಗಿದೆ", "ಸ್ವಲ್ಪ ಒಡೆದಿದೆ" ಎಂಬವೂ ಹೀಗೆಯೇ. ಹತ್ತು ವರ್ಷದ ಬಳಿಕ ಇನ್ನೊಬ್ಬರು ಬಂದು ನೋಡಿ "ಅಂದೂ ಹೀಗೆಯೇ ಇತ್ತೇ, ಆಮೇಲೆ ಒಡೆಯಿತೇ?" ಎಂದು ಕೇಳಿದರೆ ಈ ಮಾತುಗಳು ಉತ್ತರ ಕೊಡವು. ಸ್ಥಿತಿ ವರದಿ ಇರುವುದು ಆ ಒಂದು ಪ್ರಶ್ನೆಗೆ ಉತ್ತರ ಕೊಡಲಿಕ್ಕಾಗಿ. ಅದಕ್ಕೆ ಬೇಕಾದುದು ಒಂದು ಗಾಯಕ್ಕೆ ಒಂದೇ ಪದ, ಅದು ಇರುವ ಜಾಗ, ಅದರ ಅಳತೆ.

ನಾಲ್ಕು ಪದಗಳು

ನಮ್ಮ ಮನೆಮಾತಿನಲ್ಲಿಯೇ ನಾಲ್ಕು ಪದಗಳಿವೆ. ಅವುಗಳನ್ನು ಅದಲುಬದಲು ಮಾಡದೆ ಬಳಸಿದರೆ ವರದಿಯ ಮುಕ್ಕಾಲು ಪಾಲು ಆದಂತೆ.

ಮುಕ್ಕು: ಅಂಚಿನಿಂದಲೋ ಮೇಲ್ಮೈಯಿಂದಲೋ ಒಂದು ಸಣ್ಣ ಚಕ್ಕೆ ಹಾರಿಹೋಗಿ ಉಳಿದ ತಗ್ಗು. ಮುಕ್ಕಾದ ಲೋಟ ಎನ್ನುತ್ತೇವಲ್ಲ, ಅದೇ. ಕಲ್ಲಿನ ಆಕಾರ ಹಾಗೆಯೇ ಇರುತ್ತದೆ, ಮೈ ಮಾತ್ರ ಅಷ್ಟು ಕಡಿಮೆಯಾಗಿರುತ್ತದೆ. ಜಹೀರಾಬಾದು, ಬೀದರದ ಕಡೆ ಸಿಗುವ ಕರಿಕಲ್ಲು ಗಟ್ಟಿಯಾದುದರಿಂದ ಅದರ ಮುಕ್ಕು ಸಾಮಾನ್ಯವಾಗಿ ಚಿಪ್ಪಿನ ಒಳಮೈಯಂತೆ ನುಣುಪಾದ ಬೋಗುಣಿಯಾಗಿರುತ್ತದೆ. ನಮ್ಮ ಮುರಕಲ್ಲು ಹಾಗಲ್ಲ. ಅದು ಚಕ್ಕೆಯೇಳುವುದಕ್ಕಿಂತ ಕಾಳುಕಾಳಾಗಿ ಉದುರುತ್ತದೆ. ಅದಕ್ಕೆ ಮುಕ್ಕು ಎನ್ನದೆ "ಉದುರುವಿಕೆ" ಎಂದೇ ಬರೆಯಬೇಕು. ಕಾಲು ತಾಗಿ, ಬಟ್ಟೆ ಒಗೆದು, ಎಣ್ಣೆ ಹಚ್ಚಿ ಉಜ್ಜಿ ಮೆತ್ತಗಾದದ್ದು "ಸವೆತ". ಅದೂ ಮುಕ್ಕಲ್ಲ.

ಬಿರುಕು: ಕಲ್ಲು ಸೀಳಿದ ಗೆರೆ, ಆದರೆ ಎರಡು ಬದಿಗಳೂ ಇನ್ನೂ ಒಂದೇ ತುಂಡಿನಲ್ಲಿವೆ. ಬೇರ್ಪಟ್ಟು ಎರಡಾದರೆ ಅದು ಬಿರುಕಲ್ಲ, "ಒಡೆತ". ಬಿರುಕಿನ ಬಗ್ಗೆ ನಾಲ್ಕು ಸಂಗತಿ ಹೇಳಬೇಕು: ಎಲ್ಲಿ ಶುರು, ಎಲ್ಲಿ ಕೊನೆ, ಅತಿ ಹೆಚ್ಚು ಅಗಲ ಎಷ್ಟು, ಹಿಂಬದಿಯಲ್ಲಿ ಕಾಣುತ್ತದೆಯೇ. ಹಿಂಬದಿಯಲ್ಲಿಯೂ ಅದೇ ಎತ್ತರದಲ್ಲಿ ಕಂಡರೆ ಅದು ಆರುಪಾರು ಹೋಗಿರುವ ಸಂಭವ ಹೆಚ್ಚು. ಅಂಥ ಕಲ್ಲನ್ನು ಎತ್ತಿದರೆ ಎರಡಾದೀತು.

ತೇಪೆ: ಮನುಷ್ಯನ ಕೈ ಹಾಕಿದ್ದೆಲ್ಲ. ಸಿಮೆಂಟು, ಗಾರೆ, ಸೀಸ, ಕಬ್ಬಿಣದ ಪಟ್ಟಿ, ಅಂಟು, ಹೊಸತಾಗಿ ಕೆತ್ತಿ ಸೇರಿಸಿದ ತುಂಡು. ತೇಪೆ ಒಳ್ಳೆಯದೋ ಕೆಟ್ಟದೋ ಎಂದು ವರದಿ ತೀರ್ಪು ಕೊಡಬೇಕಾಗಿಲ್ಲ. ಯಾವ ವಸ್ತು, ಎಲ್ಲಿಂದ ಎಲ್ಲಿಯವರೆಗೆ, ಮೂಲ ಕಲ್ಲಿನ ಮೇಲೆ ಎಷ್ಟು ಹರಡಿದೆ ಎಂದು ಹೇಳಿದರೆ ಆಯಿತು.

ಲೋಪ: ಇದ್ದ ಭಾಗ ಈಗ ಇಲ್ಲ. ಮುಕ್ಕಿಗೂ ಲೋಪಕ್ಕೂ ಗೆರೆ ಎಲ್ಲಿ ಎಂದು ಕೇಳಬಹುದು. ಕಲ್ಲಿನ ಹೊರರೇಖೆಯೇ ಬದಲಾಗಿದ್ದರೆ, ಇಲ್ಲವೆ ಒಂದು ಅಂಗ, ಒಂದು ಮೂಲೆ, ಒಂದು ಸಾಲು ಪೂರ್ತಿ ಹೋಗಿದ್ದರೆ ಲೋಪ, ಅಷ್ಟಾಗದಿದ್ದರೆ ಮುಕ್ಕು. ನೀವು ಬೇರೆಡೆ ಗೆರೆ ಎಳೆದರೂ ತಪ್ಪಿಲ್ಲ, ಆದರೆ ಎಲ್ಲಿ ಎಳೆದಿದ್ದೀರಿ ಎಂದು ವರದಿಯ ತಲೆಯಲ್ಲಿ ಒಂದು ಸಾಲು ಬರೆಯಬೇಕು.

ಪದಗಳನ್ನು ಇಷ್ಟು ಬಿಗಿಯಾಗಿ ಹಿಡಿಯಲು ನಮ್ಮಂಥವರಿಗೆ ಇನ್ನೊಂದು ಕಾರಣವಿದೆ. ವರದಿ ಕೊನೆಗೆ ಹೋಗುವುದು ಬೇರೆ ಭಾಷೆಯ ಅಧಿಕಾರಿಯ ಮೇಜಿಗೆ. ಬಿರುಕಿಗೆ ಅಲ್ಲಿ ಪಗುಲು ಎನ್ನುತ್ತಾರೆ, ಇಲ್ಲಿ ವಿಳ್ಳಲ್ ಎನ್ನುತ್ತಾರೆ. ನಾವು ಒಂದೇ ಗಾಯಕ್ಕೆ ಒಂದು ಸಾಲಿನಲ್ಲಿ ಬಿರುಕು, ಇನ್ನೊಂದರಲ್ಲಿ ಸೀಳು, ಮತ್ತೊಂದರಲ್ಲಿ ಒಡಕು ಎಂದು ಬರೆದರೆ ಭಾಷಾಂತರ ಮಾಡುವವನು ಮೂರು ಬೇರೆ ಗಾಯಗಳೆಂದು ತಿಳಿಯುತ್ತಾನೆ.

ಬರೆಯುವ ಮೊದಲು

ಮೊದಲ ಜಗಳ ಎಡಬಲದ್ದು. ಕಲ್ಲಿನಲ್ಲಿ ಕೆತ್ತಿದ ವೀರನ ಬಲಗೈ ನೋಡುವವರ ಎಡಕ್ಕಿರುತ್ತದೆ. "ಬಲಭಾಗ ಮುಕ್ಕಾಗಿದೆ" ಎಂದರೆ ಯಾರ ಬಲ? ಆದ್ದರಿಂದ "ಎಡ, ಬಲ ಎಂದರೆ ಕಲ್ಲಿನ ಎದುರು ನಿಂತು ನೋಡುವವರ ಎಡ, ಬಲ" ಎಂದು ಮೊದಲ ಸಾಲಿನಲ್ಲಿಯೇ ಬರೆದುಬಿಡಬೇಕು. ಎತ್ತರವನ್ನು ಈಗಿನ ನೆಲದ ಮಟ್ಟದಿಂದ ಅಳೆಯಬೇಕು, ಆದರೆ ನೆಲ ಏರುತ್ತದೆ, ಇಳಿಯುತ್ತದೆ. ಅದಕ್ಕಾಗಿ ಕಲ್ಲಿನ ಮೇಲೆಯೇ ಇರುವ ಸ್ಥಿರವಾದ ಗುರುತೊಂದನ್ನು, ಅಂದರೆ ಒಂದು ಪಟ್ಟಿಯ ಅಂಚನ್ನೋ ಸಾಲಿನ ಗೆರೆಯನ್ನೋ ಆರಿಸಿ, ಅದು ನೆಲದಿಂದ ಎಷ್ಟು ಮೇಲಿದೆ ಎಂದು ಬರೆದಿಡಬೇಕು.

ಎರಡನೆಯದು, ತೊಳೆಯಬಾರದು. ಚೆನ್ನಾಗಿ ಕಾಣಲಿ ಎಂದು ತಂತಿಬ್ರಶ್ಶಿನಿಂದ ಉಜ್ಜುವುದು, ಆಸಿಡು ಹಾಕುವುದು, ಅಕ್ಷರಗಳಿಗೆ ಸೀಮೆಸುಣ್ಣ ತುಂಬುವುದು ಸಾಮಾನ್ಯ. ಉಜ್ಜಿದವರ ಕೈಯಲ್ಲಿಯೇ ಹೊಸ ಗಾಯಗಳಾಗುತ್ತವೆ, ಹಳೆಯ ಗಾಯಗಳ ವಯಸ್ಸು ಹೇಳುವ ಕೊಳೆಯೂ ಹೋಗುತ್ತದೆ. ಅಕ್ಷರ ಕಾಣಲು ಬೆಳಕು ಸಾಕು. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯದೆ, ಬದಿಯಿಂದ, ಕಲ್ಲಿನ ಮೈಗೆ ತಾಗಿದಂತೆ ಹಿಡಿಯಬೇಕು. ಬೆಳಕು ಓರೆಯಾಗಿ ಹಾಯ್ದಾಗ ಪ್ರತಿ ತಗ್ಗಿನಲ್ಲಿಯೂ ನೆರಳು ಬೀಳುತ್ತದೆ. ಹಗಲಲ್ಲಿ ಕಾಣದ ಮುಕ್ಕುಗಳು, ಅಕ್ಷರಗಳು ಎರಡೂ ಎದ್ದು ಬರುತ್ತವೆ. ನಾಲ್ಕು ಬದಿಯಿಂದ ಹಾಗೆ ಹಿಡಿದು ನೋಡಬೇಕು, ಏಕೆಂದರೆ ಬೆಳಕಿನ ದಿಕ್ಕಿಗೆ ಸಮಾನವಾಗಿ ಓಡುವ ಬಿರುಕಿಗೆ ನೆರಳೇ ಬೀಳದು.

ಕೂದಲಿನಷ್ಟು ಸಣ್ಣ ಬಿರುಕನ್ನು ಹುಡುಕಲು ಮಳೆಗಾಲವೂ ಸಹಾಯಕ್ಕೆ ಬರುತ್ತದೆ. ಮಳೆ ನಿಂತು ಕಲ್ಲಿನ ಮೈ ಒಣಗುವಾಗ ಬಿರುಕು ನೀರನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಹೊತ್ತು ಕಪ್ಪುಗೆರೆಯಾಗಿ ಉಳಿಯುತ್ತದೆ. ಮೇಲ್ಮೈಯ ಗೀರು ಹಾಗೆ ಉಳಿಯುವುದಿಲ್ಲ. ಆದ್ದರಿಂದ ನೋಡಿದಾಗ ಕಲ್ಲು ಒಣಗಿತ್ತೇ ಒದ್ದೆಯಾಗಿತ್ತೇ ಎಂಬುದನ್ನೂ ವರದಿಯಲ್ಲಿ ಬರೆಯಬೇಕು.

ಒಂದು ಕಲ್ಲನ್ನು ನೋಡೋಣ

ರಾಯಿಕೋಡ್ ಸೀಮೆಯ ಒಂದು ಹಳ್ಳಿಯ ಹನುಮಂತನ ಗುಡಿಯ ಪಕ್ಕದಲ್ಲಿ ಒಂದು ವೀರಗಲ್ಲು ಇದೆಯೆಂದು ಇಟ್ಟುಕೊಳ್ಳೋಣ. ಇದು ನಿಜವಾದ ಒಂದು ನಿರ್ದಿಷ್ಟ ಕಲ್ಲಲ್ಲ, ರೀತಿ ತಿಳಿಯಲು ಮಾಡಿಕೊಂಡ ಮಾದರಿ. ಆದರೆ ಇದರ ಮೇಲಿನ ಗಾಯಗಳು ಇಂಥ ಕಲ್ಲುಗಳಲ್ಲಿ ಕಂಡುಬರುವಂಥವೇ. ಮೂರು ಅಂಕಣಗಳಿವೆ: ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗಪೂಜೆ. ಅಂಕಣಗಳ ನಡುವಣ ಎರಡು ಪಟ್ಟಿಗಳಲ್ಲಿ ಬರಹವಿದೆ. ಮೇಲಿನ ಪಟ್ಟಿಯಲ್ಲಿ ಎರಡು ಸಾಲು, ಕೆಳಗಿನದರಲ್ಲಿ ಮೂರು. ಗುಡಿ ಕಟ್ಟುವ ಸಲುವಾಗಿ ಕಲ್ಲನ್ನು ಹತ್ತು ಅಡಿ ಆಚೆ ಸರಿಸಬೇಕೆಂಬ ಮಾತು ನಡೆದಿದೆ.

ಊರಿನ ಯುವಕನೊಬ್ಬ ಮೊದಲು ಬರೆದದ್ದು ಹೀಗೆ: "ಪುರಾತನ ವೀರಗಲ್ಲು. ಬಹಳ ಶಿಥಿಲವಾಗಿದೆ. ಮೇಲೆ ಒಡೆದಿದೆ. ಸೂರ್ಯ ಕಿತ್ತುಹೋಗಿದ್ದಾನೆ. ನಡುವೆ ಸಿಮೆಂಟು ಹಾಕಿ ಸರಿಪಡಿಸಲಾಗಿದೆ. ಎರಡನೆಯ ಸಾಲು ನಾಶವಾಗಿದೆ. ಕೆಳಗೆ ಬಿರುಕುಗಳಿವೆ." ಏಳು ವಾಕ್ಯಗಳಿವೆ, ಅಳತೆ ಒಂದೂ ಇಲ್ಲ. ಅಷ್ಟೇ ಅಲ್ಲ, ಎರಡು ಮಾತುಗಳು ಸುಳ್ಳೂ ಆಗಿರಬಹುದು. ಅವು ಯಾವುವೆಂದು ಮುಂದೆ ನೋಡೋಣ. ಅದೇ ಕಲ್ಲಿನ ಎದುರು ಮತ್ತೆ ಕುಳಿತು ಬರೆದ ವರದಿ ಇದು:

"ಎಡಬಲ ನೋಡುವವರದು. ಎತ್ತರ ಇಂದಿನ ನೆಲದಿಂದ. ಕೆಳಪಟ್ಟಿಯ ಮೇಲಂಚು ನೆಲದಿಂದ 56 ಸೆಂಟಿಮೀಟರು. ಕಲ್ಲು ಒಣಗಿದೆ. ತೊಳೆದಿಲ್ಲ. ಹೊರರೇಖೆ ಬದಲಾದಲ್ಲಿ ಲೋಪ, ಬದಲಾಗದಲ್ಲಿ ಮುಕ್ಕು ಎಂದಿದೆ.

ಕರಿಕಲ್ಲಿನ ಚಪ್ಪಡಿ. ಕಾಣುವ ಎತ್ತರ 142, ಅಗಲ 61, ದಪ್ಪ 18 ಸೆಂಟಿಮೀಟರು. ಬುಡ ಹೂತಿದೆ, ಎಷ್ಟು ಆಳವೆಂದು ನೋಡಿಲ್ಲ.

1. ಲೋಪ. ಮೇಲಿನ ಎಡಮೂಲೆ ಇಲ್ಲ. ಮೇಲಂಚಿನಲ್ಲಿ 14, ಎಡ ಅಂಚಿನಲ್ಲಿ 9 ಸೆಂಟಿಮೀಟರು ಉದ್ದಕ್ಕೆ ತ್ರಿಕೋನವಾಗಿ ಹೋಗಿದೆ. ಮುರಿದ ಮೈ ಕಪ್ಪಾಗಿದೆ, ಅಂಚು ಮೊಂಡಾಗಿದೆ, ಪಾಚಿಯ ಕಲೆ ಇದೆ. ಬಲಮೂಲೆಯಲ್ಲಿ ಚಂದ್ರಕಲೆ ಇದೆ.

2. ಒಡೆತ ಮತ್ತು ತೇಪೆ. ನೆಲದಿಂದ 84 ರಿಂದ 88 ಸೆಂಟಿಮೀಟರು ಎತ್ತರದಲ್ಲಿ ಕಲ್ಲು ಅಡ್ಡಕ್ಕೆ ಪೂರ್ತಿ ಒಡೆದು ಎರಡು ತುಂಡಾಗಿದೆ. ಹಿಂಬದಿಯಲ್ಲಿಯೂ ಒಡೆತ ಕಾಣುತ್ತದೆ. ಬೂದುಬಣ್ಣದ ಸಿಮೆಂಟಿನಿಂದ ಸೇರಿಸಿದೆ. ಮುಂಬದಿಯಲ್ಲಿ ಸಿಮೆಂಟು ಎಡ ಅಂಚಿನಿಂದ 40 ಸೆಂಟಿಮೀಟರಿನವರೆಗೆ 4 ಸೆಂಟಿಮೀಟರು ಅಗಲಕ್ಕೆ ಹರಡಿ ಎರಡನೆಯ ಸಾಲನ್ನು ಮುಚ್ಚಿದೆ. ಉಳಿದ 21 ಸೆಂಟಿಮೀಟರಿನಲ್ಲಿ 1 ಸೆಂಟಿಮೀಟರು ಅಗಲವಿದೆ. ಅಲ್ಲಿ ಸಾಲಿನ ಕೊನೆಯ ಅಕ್ಷರಗಳು ಕಾಣುತ್ತವೆ.

3. ಬಿರುಕು. ಬಲ ಅಂಚಿನಲ್ಲಿ ನೆಲದಿಂದ 52 ಸೆಂಟಿಮೀಟರು ಎತ್ತರದಲ್ಲಿ ಶುರುವಾಗಿ, ಓರೆಯಾಗಿ ಎಡಕ್ಕೆ ಇಳಿದು, ಬಲ ಅಂಚಿನಿಂದ 34 ಸೆಂಟಿಮೀಟರು ಒಳಗೆ, ನೆಲದಿಂದ 37 ಸೆಂಟಿಮೀಟರು ಎತ್ತರದಲ್ಲಿ ಮುಗಿಯುತ್ತದೆ. ಉದ್ದ 37 ಸೆಂಟಿಮೀಟರು. ಅಂಚಿನಲ್ಲಿ ಅಗಲ 2 ಮಿಲಿಮೀಟರು, ಕೊನೆಯಲ್ಲಿ ಕೂದಲಿನಷ್ಟು. ಹಿಂಬದಿಯಲ್ಲಿ ಕಾಣುವುದಿಲ್ಲ. ಬಿರುಕಿನೊಳಗೆ ಮಣ್ಣು ತುಂಬಿದೆ.

4. ಮುಕ್ಕು. ಕೆಳಪಟ್ಟಿಯ ಕೆಳಂಚಿನಲ್ಲಿ ನಾಲ್ಕು. ಅತಿ ದೊಡ್ಡದು 3.5 ಕ್ಕೆ 2 ಸೆಂಟಿಮೀಟರು, ಆಳ 4 ಮಿಲಿಮೀಟರು. ಐದನೆಯ ಸಾಲಿನ ಒಂದು ಅಕ್ಷರದ ಕೆಳಾರ್ಧ ಇದರಲ್ಲಿ ಹೋಗಿದೆ. ಎಡದಿಂದ ಎರಡನೆಯ ಮತ್ತು ಮೂರನೆಯ ಮುಕ್ಕುಗಳ ಒಳಮೈ ತಿಳಿಬೂದು, ಅಂಚು ಹರಿತ. ಉಳಿದೆರಡರ ಒಳಮೈ ಕಲ್ಲಿನ ಮೈಯಂತೆಯೇ ಕಪ್ಪು.

5. ಮುಚ್ಚಿಕೆ. ಮೇಲಿನ ಅಂಕಣದಲ್ಲಿ ಸಿಂದೂರ ಮತ್ತು ಎಣ್ಣೆಯ ಪದರವಿದೆ. ಅದರ ಅಡಿಯ ಸ್ಥಿತಿ ಗೊತ್ತಿಲ್ಲ."

ಇದರ ಜತೆಗೆ ಒಂದು ಗೆರೆಚಿತ್ರ. ಕಲ್ಲಿನ ಹೊರರೇಖೆ ಬರೆದು 1 ರಿಂದ 5 ರವರೆಗಿನ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಬೇಕು. ಆಮೇಲೆ ಫೋಟೋಗಳು: ಇಡೀ ಕಲ್ಲಿನದು ನಾಲ್ಕು ಬದಿಯಿಂದ, ಮತ್ತೆ ಪ್ರತಿ ಅಂಕಿಗೆ ಒಂದು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು. ಈಗ ಎಲ್ಲರ ಕಿಸೆಯಲ್ಲಿಯೂ ಮೊಬೈಲು ಇದೆ, ಅದು ಸಾಕು. ಆದರೆ ಫೋಟೋ ಇದೆಯೆಂದು ಬರಹವನ್ನು ಬಿಡಬಾರದು. ಫೋಟೋದಲ್ಲಿ ಕಾಣುವ ಕಪ್ಪುಗೆರೆ ಬಿರುಕೋ, ಗೀರೋ, ಜೇಡನ ನೂಲೋ ಎಂದು ಹೇಳಬಲ್ಲವನು ಕಲ್ಲಿನ ಎದುರು ಕುಳಿತವನು ಮಾತ್ರ.

ಕಂಡದ್ದು ಮತ್ತು ಊಹಿಸಿದ್ದು

ಮೊದಲ ವರದಿಯ ಎರಡು ಮಾತುಗಳಿಗೆ ಬರೋಣ. "ಸೂರ್ಯ ಕಿತ್ತುಹೋಗಿದ್ದಾನೆ" ಎಂದು ಬರೆದ ಯುವಕ ಸೂರ್ಯನನ್ನು ಕಂಡವನಲ್ಲ. ವೀರಗಲ್ಲಿನ ತಲೆಯಲ್ಲಿ ಸೂರ್ಯಚಂದ್ರರು ಜೋಡಿಯಾಗಿರುವುದು ವಾಡಿಕೆ, ಬಲಕ್ಕೆ ಚಂದ್ರನಿದ್ದಾನೆ, ಆದ್ದರಿಂದ ಎಡಕ್ಕೆ ಸೂರ್ಯ ಇದ್ದಿರಬೇಕು. ಊಹೆ ಒಳ್ಳೆಯದೇ. ಆದರೆ ಅದು ಊಹೆ. ಎರಡನೆಯ ವರದಿ ಮೂಲೆ ಇಲ್ಲ ಎಂದಿತು, ಚಂದ್ರ ಇದ್ದಾನೆ ಎಂದಿತು, ಅಲ್ಲಿಗೆ ನಿಲ್ಲಿಸಿತು. ಊಹೆಯನ್ನು ಬರೆಯಲೇಬೇಕೆಂದಿದ್ದರೆ ವರದಿಯ ಕೊನೆಯಲ್ಲಿ "ಅಭಿಪ್ರಾಯ" ಎಂದು ತಲೆಬರಹ ಕೊಟ್ಟು ಬೇರೆಯಾಗಿ ಬರೆಯಬೇಕು. ನಾಳೆ ಗುಡಿಯ ಪಾಗಾರದಲ್ಲಿ ಆ ತುಂಡು ಸಿಕ್ಕಿದರೆ, ಅದು ಈ ಕಲ್ಲಿನದೇ ಎಂದು ತೋರಿಸಿಕೊಡುವುದು 14 ಮತ್ತು 9 ಎಂಬ ಅಂಕಿಗಳು.

"ಎರಡನೆಯ ಸಾಲು ನಾಶವಾಗಿದೆ" ಎಂಬುದು ಇನ್ನೂ ದೊಡ್ಡ ತಪ್ಪು. ಸಾಲು ನಾಶವಾಗಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಅದು ಸಿಮೆಂಟಿನ ಅಡಿಯಲ್ಲಿದೆ. ಬಲಗಡೆ ಸಿಮೆಂಟು ತೆಳುವಾದಲ್ಲಿ ಅಕ್ಷರಗಳು ಕಾಣುತ್ತವೆಂದರೆ, ಎಡಗಡೆಯೂ ಒಂದಷ್ಟು ಉಳಿದಿರುವ ಸಂಭವವಿದೆ. ವೀರಗಲ್ಲಿನ ಬರಹದಲ್ಲಿ ವರ್ಷವೋ ಅರಸನ ಹೆಸರೋ ಊರಿನ ಹೆಸರೋ ಬರುವುದು ಇಂಥ ಒಂದು ಸಾಲಿನಲ್ಲಿಯೇ. "ನಾಶವಾಗಿದೆ" ಎಂದು ಓದಿದ ಅಧಿಕಾರಿ ಆ ಕಡತವನ್ನು ಮುಚ್ಚುತ್ತಾನೆ. "ಮುಚ್ಚಿದೆ" ಎಂದು ಓದಿದವನು ತಿಳಿದವರನ್ನು ಕಳುಹಿಸಬಹುದು. ಗಟ್ಟಿ ಸಿಮೆಂಟನ್ನು ಉಳಿಯಿಂದ ಕೆದಕುವುದು ಮಾತ್ರ ಊರವರ ಕೆಲಸವಲ್ಲ. ಸಿಮೆಂಟು ಏಳುವಾಗ ತನ್ನ ಜತೆಗೆ ಕಲ್ಲಿನ ಮೈಯನ್ನೂ ಎಬ್ಬಿಸಿಕೊಂಡು ಬರುತ್ತದೆ.

ಶಾಸನವನ್ನು ಅಚ್ಚುಮಾಡುವ ವಿದ್ವಾಂಸರಲ್ಲಿಯೂ ಇದೇ ಶಿಸ್ತು ಇದೆ. ಅಕ್ಷರ ಪೂರ್ತಿ ಹೋಗಿದ್ದರೆ ಅಲ್ಲಿ ಚುಕ್ಕೆಗಳನ್ನಿಡುತ್ತಾರೆ. ಅಕ್ಷರ ಕೆಟ್ಟಿದ್ದರೂ ಓದಬಹುದಾಗಿದ್ದರೆ ಚೌಕಾಕಾರದ ಕಂಸದಲ್ಲಿಡುತ್ತಾರೆ. ಓದುವವನಿಗೆ ಕಲ್ಲಿನಲ್ಲಿ ಇದ್ದದ್ದು ಯಾವುದು, ಸಂಪಾದಕರು ಊಹಿಸಿದ್ದು ಯಾವುದು ಎಂಬುದು ಗೊಂದಲವಿಲ್ಲದೆ ತಿಳಿಯುತ್ತದೆ.

ಹಳೆಯ ಗಾಯವೇ, ಹೊಸತೇ?

"ಹಳೆಯ ಮುಕ್ಕು" ಎಂದು ಬರೆದರೆ ಸಾಲದು, ಹಳೆಯದೆಂದು ಹೇಗೆ ತಿಳಿಯಿತು ಎಂದು ಬರೆಯಬೇಕು. ಕರಿಕಲ್ಲಿನ ಮೈ ವರ್ಷಗಟ್ಟಲೆ ಗಾಳಿಬಿಸಿಲಿಗೆ ಬಿದ್ದು ಬಣ್ಣಗೆಡುತ್ತದೆ. ಹೊಸ ಮುಕ್ಕಿನ ಒಳಗೆ ಕಲ್ಲಿನ ನಿಜಬಣ್ಣ ಕಾಣುತ್ತದೆ, ಅಂಚು ಬೆರಳಿಗೆ ಹರಿತವಾಗಿ ತಾಗುತ್ತದೆ, ಕೆಲವೊಮ್ಮೆ ನೆಲದಲ್ಲಿ ಚಕ್ಕೆಯೂ ಬಿದ್ದಿರುತ್ತದೆ. ಹಳೆಯದರಲ್ಲಿ ಬಣ್ಣ ಮಾಸಿರುತ್ತದೆ, ಪಾಚಿ, ಸುಣ್ಣ, ಎಣ್ಣೆ ಸೇರಿರುತ್ತದೆ. ನಮ್ಮ ಮಾದರಿಯಲ್ಲಿ ನಾಲ್ಕು ಮುಕ್ಕುಗಳಲ್ಲಿ ಎರಡು ಹೊಸವು ಎಂದು ಈ ರೀತಿ ತಿಳಿಯಿತು. ಹಾಗಾದರೆ ಇತ್ತೀಚೆಗೆ ಯಾರೋ ಕಲ್ಲಿಗೆ ಏನನ್ನೋ ತಾಗಿಸಿದ್ದಾರೆ. ಗುಡಿಯ ಕೆಲಸದ ಜಲ್ಲಿ ಇಳಿಸುವ ಜಾಗ ಅದರ ಪಕ್ಕದಲ್ಲಿದ್ದರೆ ಆ ಜಾಗವನ್ನು ಬದಲಿಸಬೇಕು.

ತೇಪೆಯೂ ಕಾಲವನ್ನು ಹೇಳುತ್ತದೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಸಿಕ್ಕಿದ್ದೇ 1824ರಲ್ಲಿ. ಹಳ್ಳಿಗೆ ಸಿಮೆಂಟಿನ ಚೀಲ ಬಂದದ್ದು ಅದಕ್ಕೂ ಎಷ್ಟೋ ತಡವಾಗಿ. ಆದ್ದರಿಂದ ಬೂದು ಸಿಮೆಂಟಿನ ತೇಪೆ ಕಂಡಲ್ಲಿ "ಮೊದಲಿನಿಂದಲೂ ಹೀಗೆಯೇ ಇತ್ತು" ಎಂಬ ಮಾತು ನಿಲ್ಲದು. ಕಬ್ಬಿಣದ ಪಟ್ಟಿ ಹಾಕಿದ್ದರೆ ಇನ್ನೂ ಎಚ್ಚರದಿಂದ ನೋಡಬೇಕು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಪಟ್ಟಿಯ ಸುತ್ತ ಕೆಂಪುಕಲೆ ಮತ್ತು ಅಲ್ಲಿಂದ ಹೊರಡುವ ಬಿರುಕುಗಳು ಕಂಡರೆ, ತೇಪೆಯನ್ನೂ ಬಿರುಕನ್ನೂ ಬೇರೆಬೇರೆ ಅಂಕಿಯಲ್ಲಿ ಬರೆದು, ಒಂದು ಇನ್ನೊಂದರಿಂದ ಶುರುವಾಗಿದೆ ಎಂದು ಹೇಳಬೇಕು.

ಬಿರುಕಿನ ವಿಷಯದಲ್ಲಿ ಒಂದೇ ಸಲ ನೋಡಿ ಹೇಳಲಾಗದ ಸಂಗತಿ ಒಂದಿದೆ: ಅದು ಬೆಳೆಯುತ್ತಿದೆಯೇ ಎಂಬುದು. ಬಿರುಕಿನೊಳಗೆ ಮಣ್ಣು, ಪಾಚಿ ತುಂಬಿದ್ದರೆ ಅದು ಹಳೆಯದೆಂದು ತಿಳಿಯಬಹುದೇ ಹೊರತು ನಿಂತಿದೆಯೆಂದು ತಿಳಿಯಲಾಗದು. ಅದಕ್ಕೆ ಎರಡನೆಯ ಸಲ ಅಳೆಯಬೇಕು.

ಎರಡನೆಯ ಸಲ

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದ ನಂತರ ಒಮ್ಮೆ ನೋಡುವುದು ಒಳ್ಳೆಯ ಕ್ರಮ. ಕಲ್ಲನ್ನು ಸರಿಸುವುದಾದರೆ ಸರಿಸುವ ಮುನ್ನಾದಿನ ಮತ್ತು ಮರುದಿನ. ಹಳೆಯ ವರದಿಯನ್ನು ಕೈಯಲ್ಲಿ ಹಿಡಿದು ಅದೇ ಅಂಕಿಗಳ ಕ್ರಮದಲ್ಲಿ ನೋಡಬೇಕು. ಹೊಸ ಗಾಯ ಕಂಡರೆ ಅದಕ್ಕೆ 6 ಎಂಬ ಹೊಸ ಅಂಕಿ ಕೊಡಬೇಕು, ಹಳೆಯ ಅಂಕಿಗಳನ್ನು ಬದಲಿಸಬಾರದು.

ನಮ್ಮ ಕಲ್ಲಿನ ಬಿರುಕು 37 ಸೆಂಟಿಮೀಟರು ಇತ್ತು. ಮಳೆಗಾಲ ಮುಗಿದ ಮೇಲೆ 37.3 ಎಂದು ಬಂದರೆ ಗಾಬರಿಯಾಗಬೇಕಿಲ್ಲ. ಕೈಯಲ್ಲಿ ಅಳೆಯುವಾಗ ಪಟ್ಟಿ ಹಿಡಿದ ರೀತಿಯಿಂದಲೇ ಅಷ್ಟು ವ್ಯತ್ಯಾಸ ಬರುತ್ತದೆ. ಬಿರುಕು 41 ಸೆಂಟಿಮೀಟರಾಗಿ ಅದರ ತುದಿ ಇನ್ನೂ ಎಡಕ್ಕೆ ಹೋಗಿದ್ದರೆ ಅದು ಕೈಯ ತಪ್ಪಲ್ಲ. ಹಿಂಬದಿಯಲ್ಲಿಯೂ ಗೆರೆ ಕಾಣತೊಡಗಿದ್ದರೆ ಆ ಕಲ್ಲಿಗೆ ಹಗ್ಗ ಹಾಕಿ ಎಳೆಯುವುದನ್ನು ನಿಲ್ಲಿಸಿ ಇಲಾಖೆಗೆ ತಿಳಿಸಬೇಕು. ಬಿರುಕಿನ ತುದಿಗೆ ಪೆನ್ಸಿಲಿನಿಂದಲೋ ಬಣ್ಣದಿಂದಲೋ ಗುರುತು ಹಾಕುವ ಅಭ್ಯಾಸ ಗೋಡೆಗೆ ಸರಿ. ಶಾಸನದ ಕಲ್ಲಿನ ಮೇಲೆ ಹಾಕಬಾರದು. ಎರಡು ಅಂಚುಗಳಿಂದ ತೆಗೆದ ಅಳತೆಯೇ ಗುರುತು.

ಹಿಂದಿನವರು ತೆಗೆದ ಶಾಸನದ ಪಡಿಯಚ್ಚು ಎಲ್ಲಿಯಾದರೂ ಇದ್ದರೆ ಅದು ನಮ್ಮ ಪಾಲಿನ ಮೊದಲ ಸ್ಥಿತಿ ವರದಿ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಶ್ಶಿನಿಂದ ತಟ್ಟಿ ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತಿ ತೆಗೆದ ಆ ಕಾಗದದಲ್ಲಿ ಅಕ್ಷರವೂ ಬಿಳಿ, ಅಂದಿನ ಮುಕ್ಕೂ ಬಿಳಿ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ಶಾಖೆ ಉದಕಮಂಡಲದಿಂದ 1966ರಲ್ಲಿ ಮೈಸೂರಿಗೆ ಬಂದಿತು, ಅಂಥ ಪಡಿಯಚ್ಚುಗಳ ದೊಡ್ಡ ಸಂಗ್ರಹ ಅಲ್ಲಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಇತ್ತೀಚಿನ ವರ್ಷಗಳಲ್ಲಿ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ ಇಡುತ್ತಿದ್ದಾರೆ. ಯಂತ್ರ ಅಕ್ಷರದ ಆಳವನ್ನೂ ಹಿಡಿಯುತ್ತದೆ. ಆದರೆ ಯಂತ್ರ ಪ್ರತಿ ಹಳ್ಳಿಗೂ ಬರುವವರೆಗೆ ಕಲ್ಲು ಕಾಯುವುದಿಲ್ಲ.

ವರದಿಯಿಂದ ಆಗದ್ದು

ಸ್ಥಿತಿ ವರದಿಯಿಂದ ಕಲ್ಲಿನ ಮೇಲೆ ನಮಗೆ ಹಕ್ಕು ಬರುವುದಿಲ್ಲ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಶಾಸನಗಳು 1972ರ ಪುರಾತನ ವಸ್ತುಗಳ ಕಾನೂನಿನಡಿ ಬರುತ್ತವೆ. ಹಸ್ತಪ್ರತಿಗೆ ಅದು ಎಪ್ಪತ್ತೈದು ವರ್ಷ. ನೆಲ ಅಗೆಯುವಾಗ ಸಿಕ್ಕ ಬೆಲೆಬಾಳುವ ವಸ್ತುವನ್ನು ಕಲೆಕ್ಟರರಿಗೆ ತಿಳಿಸಬೇಕೆಂಬ 1878ರ ಕಾನೂನು ಬೇರೆಯಿದೆ. ಕಲ್ಲನ್ನು ಸರಿಸುವ ಮೊದಲು ಇಲಾಖೆಗೆ ತಿಳಿಸುವುದೇ ದಾರಿ. ಆ ಅರ್ಜಿಯ ಜತೆಗೆ ಹೋಗಬೇಕಾದ ಕಾಗದವೇ ಈ ವರದಿ.

ವರದಿಯ ಮೂರು ಪ್ರತಿ ಮಾಡಿ ಒಂದನ್ನು ಇಲಾಖೆಗೆ, ಒಂದನ್ನು ಗುಡಿಯ ಪೆಟ್ಟಿಗೆಗೆ ಕೊಟ್ಟು, ಒಂದನ್ನು ಬರೆದವರ ಮನೆಯಲ್ಲಿಡಬೇಕು. ತಾರೀಕು, ಹೊತ್ತು, ನೋಡಿದವರ ಹೆಸರು, ಸಹಿ ಇರಬೇಕು. ಸಾಧ್ಯವಾದರೆ ಎರಡನೆಯವರೊಬ್ಬರು ಕಲ್ಲಿನ ಎದುರಲ್ಲೇ ಅದನ್ನು ಓದಿ ತಾಳೆ ನೋಡಿ ಸಹಿ ಹಾಕಬೇಕು. ತಾಳೆ ನೋಡುವುದು ಹೇಗೆಂದರೆ, ಬರೆದವರು ಬಾಯಿ ತೆರೆಯದೆ ನಿಂತಿರುತ್ತಾರೆ. ಎರಡನೆಯವರು ವರದಿಯನ್ನು ಓದಿಕೊಂಡು ಪ್ರತಿಯೊಂದು ಅಂಕಿಯ ಗಾಯಕ್ಕೂ ತಾವೇ ಬೆರಳು ತೋರಿಸುತ್ತಾರೆ. ಬೆರಳು ತಪ್ಪು ಜಾಗಕ್ಕೆ ಹೋದರೆ ತಪ್ಪಿದ್ದು ಬೆರಳಲ್ಲ, ವಾಕ್ಯ. ಆ ವಾಕ್ಯವನ್ನು ಅಲ್ಲಿಯೇ ತಿದ್ದಿ ಬರೆಯಬೇಕು.